ಅಪ್ಪ ಸಿಗರೇಟು ಬಿಟ್ಟು ಆರು ವರ್ಷ ಆಯ್ತು, ಈಗ ಶ್ವಾಸಕೋಶದ ಸ್ಕ್ಯಾನ್ ಬೇಕಾ?

ಪ್ರಶ್ನೆ: ಹಾವೇರಿಯ ಸದಸ್ಯೆ

ಮೇಡಂ, ಅಪ್ಪನಿಗೆ 61 ವರ್ಷ. ಲಾರಿ ಓಡಿಸುತ್ತಿದ್ದರು. 22ನೇ ವಯಸ್ಸಿಂದ 55ರ ತನಕ ದಿನಕ್ಕೆ 15 ಸಿಗರೇಟು ಸೇದುತ್ತಿದ್ದರು. ಬಿಟ್ಟು ಆರು ವರ್ಷ ಆಯ್ತು. ಈಗ ಕೆಮ್ಮು, ದಮ್ಮು ಏನೂ ಇಲ್ಲ. 30ರ ವಯಸ್ಸಿನಲ್ಲಿ ಟಿಬಿ ಬಂದು ವಾಸಿಯಾಗಿತ್ತು. ಇಲ್ಲಿನ ಒಂದು ಸೆಂಟರ್‌ನವರು ಹೆಲ್ತ್ ಪ್ಯಾಕೇಜ್‌ನಲ್ಲಿ ಎದೆಯ ಸಿಟಿ ಸ್ಕ್ಯಾನ್ ಕೂಡ ಸೇರಿಸಿದ್ದಾರೆ. ಮಾಡಿಸಲಾ?

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಮೊದಲು ಲೆಕ್ಕ ಹಾಕೋಣ. ಒಂದು ಪ್ಯಾಕಿಗೆ 20 ಸಿಗರೇಟು ಅಂತ ಹಿಡಿಯುತ್ತೇವೆ. ದಿನಕ್ಕೆ 15 ಅಂದರೆ ಮುಕ್ಕಾಲು ಪ್ಯಾಕು. 33 ವರ್ಷ ಸೇದಿದ್ದಾರೆ. ಮುಕ್ಕಾಲನ್ನು 33ರಿಂದ ಗುಣಿಸಿದರೆ ಹೆಚ್ಚುಕಡಿಮೆ 25 ಬರುತ್ತದೆ. ಇದನ್ನೇ ನಾವು 25 ಪ್ಯಾಕ್-ಇಯರ್ ಅನ್ನುವುದು.

ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ 2013ರಲ್ಲಿ ಕನಿಷ್ಠ 30 ಪ್ಯಾಕ್-ಇಯರ್ ಬೇಕು ಅಂತ ಹೇಳಿತ್ತು. ಆ ಲೆಕ್ಕದಲ್ಲಿ ನಿಮ್ಮ ತಂದೆಯವರು ಬರುತ್ತಿರಲಿಲ್ಲ. 2021ರಲ್ಲಿ ಅದನ್ನು 20ಕ್ಕೆ ಇಳಿಸಿದರು. ವಯಸ್ಸು 50ರಿಂದ 80ರೊಳಗೆ ಇರಬೇಕು, ಈಗಲೂ ಸೇದುತ್ತಿರಬೇಕು ಇಲ್ಲವೇ ಬಿಟ್ಟು 15 ವರ್ಷ ದಾಟಿರಬಾರದು. ಅಂದರೆ ಈಗ ಬರುತ್ತಾರೆ. ನಮ್ಮಲ್ಲಿ ಇದಕ್ಕೆ ಸರ್ಕಾರಿ ಕಾರ್ಯಕ್ರಮ ಇಲ್ಲ. ಹಾಗಾಗಿ ನಾನೂ ಈ ನಿಯಮವನ್ನೇ ಎದುರಿಗಿಟ್ಟುಕೊಂಡು ಒಬ್ಬೊಬ್ಬರ ಜೊತೆ ಕೂತು ಮಾತಾಡಿ ತೀರ್ಮಾನ ಮಾಡುತ್ತೇನೆ.

ಆದರೆ ಪ್ಯಾಕೇಜ್‌ನಲ್ಲಿ ಇದೆ ಅಂತ ಸುಮ್ನೆ ಮಾಡಿಸಬೇಡಿ. ಅದು ಲೋ ಡೋಸ್ ಸ್ಕ್ಯಾನ್ ಹೌದೋ ಅಲ್ಲವೋ ಕೇಳಿ. ಲೋ ಡೋಸ್‌ನಲ್ಲಿ ಕೈಗೆ ಸೂಜಿ ಹಾಕುವುದಿಲ್ಲ, ಡೈ ಕೊಡುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. ಕೈ ಮೇಲೆತ್ತಿ ಮಲಗಿ ಒಮ್ಮೆ ಉಸಿರು ಬಿಗಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ರೇಡಿಯೇಶನ್ ಸುಮಾರು 1.5 ಮಿಲಿಸೀವರ್ಟ್. ಮಾಮೂಲಿ ಎದೆಯ ಸಿಟಿಯಲ್ಲಿ ಇದರ ನಾಲ್ಕೈದು ಪಟ್ಟು ಬೀಳುತ್ತದೆ. ಇದನ್ನು ವರ್ಷಕ್ಕೊಮ್ಮೆ ಮಾಡಿಸುತ್ತಾ ಹೋಗಬೇಕು. ಅದಕ್ಕೇ ಡೋಸ್ ಮುಖ್ಯ.

ಇನ್ನೊಂದು ಪ್ರಶ್ನೆ. ತಂದೆಯವರು ಎರಡು ಮಹಡಿ ನಿಲ್ಲದೆ ಹತ್ತುತ್ತಾರಾ? ಏನಾದರೂ ಸಿಕ್ಕಿದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇರಬೇಕು. ಮನೆಯಲ್ಲೇ ಆಕ್ಸಿಜನ್ ಹಾಕಿಕೊಂಡಿರುವವರಿಗೆ ನಾನು ಈ ಸ್ಕ್ಯಾನ್ ಹೇಳುವುದಿಲ್ಲ.

ಹಾವೇರಿಯ ಸದಸ್ಯೆ

ಹತ್ತುತ್ತಾರೆ ಮೇಡಂ. ದಿನಾ ಟೆರೇಸ್‌ಗೆ ಹೋಗಿ ಗಿಡಗಳಿಗೆ ನೀರು ಹಾಕುತ್ತಾರೆ.

ದಾವಣಗೆರೆಯ ಸದಸ್ಯರು

ಅಷ್ಟೆಲ್ಲಾ ಯಾಕ್ರೀ, ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿದರೆ ಸಾಕು. ನಮ್ಮ ಮಿಲ್ಲಿನಲ್ಲಿ ಎಲ್ಲರಿಗೂ ಅದನ್ನೇ ಮಾಡಿಸುತ್ತಿದ್ದರು. ಸ್ಕ್ಯಾನೇ ಬೇಕು ಅಂದರೆ ಮಾಡಿಸಿ, ರೇಡಿಯೇಶನ್ ಬಗ್ಗೆ ಹೆದರಬೇಡಿ. ಏನಾದರೂ ಮಚ್ಚೆ ಕಂಡರೆ ನೇರ ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಅನುಮಾನವೇ ಉಳಿಯಲ್ಲ.

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಸರ್, ಲೋ ಡೋಸ್‌ನ ರೇಡಿಯೇಶನ್‌ಗೆ ಈ ವಯಸ್ಸಿನಲ್ಲಿ ಜಾಸ್ತಿ ಹೆದರಬೇಕಿಲ್ಲ ಅನ್ನುವುದು ಸರಿ. ಉಳಿದೆರಡನ್ನು ಒಪ್ಪಲಾರೆ.

ಎಕ್ಸ್‌ರೇಯನ್ನು ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. 2011ರಲ್ಲಿ ಫಲಿತಾಂಶ ಬಂತು. ವರ್ಷಾ ವರ್ಷಾ ಎಕ್ಸ್‌ರೇ ತೆಗೆಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರ್ ಸಾವು ಕಡಿಮೆಯಾಗಲೇ ಇಲ್ಲ. ಪಕ್ಕೆಲುಬು, ಹೃದಯ, ಕಾಲರ್ ಎಲುಬು ಇವುಗಳ ಹಿಂದೆ ಸಣ್ಣ ಗಂಟು ಅಡಗಿ ಕೂರುತ್ತದೆ. ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಪೆಟ್ ವಿಷಯ ಇನ್ನೂ ಮುಖ್ಯ. ಪೆಟ್‌ನಲ್ಲಿ ಸಕ್ಕರೆ ಜಾಸ್ತಿ ಹೀರುವ ಜಾಗ ಹೊಳೆಯುತ್ತದೆ. ಕ್ಯಾನ್ಸರ್ ಹೊಳೆಯುತ್ತದೆ, ಟಿಬಿಯೂ ಹೊಳೆಯುತ್ತದೆ. ಟಿಬಿ ಇಷ್ಟಿರುವ ನಮ್ಮ ಊರುಗಳಲ್ಲಿ ಹೊಳೆದದ್ದೆಲ್ಲಾ ಕ್ಯಾನ್ಸರ್ ಅಂದುಕೊಂಡರೆ ಎಷ್ಟೋ ಜನರ ಎದೆಗೆ ಸುಮ್ನೆ ಸೂಜಿ ಚುಚ್ಚಬೇಕಾಗುತ್ತದೆ. ಇನ್ನೊಂದು ಕಡೆ, ಗಂಟು 8 ಮಿಲಿಮೀಟರ್‌ಗಿಂತ ಚಿಕ್ಕದಿದ್ದರೆ ಕ್ಯಾನ್ಸರ್ ಆಗಿದ್ದರೂ ಪೆಟ್‌ನಲ್ಲಿ ಹೊಳೆಯದೇ ಇರಬಹುದು.

ಶಿರಸಿಯ ಸದಸ್ಯರು

ಇದನ್ನು ಓದಿ ಎದೆ ಹೊಡೆದುಕೊಂಡಿತು ಮೇಡಂ. ಹೋದ ತಿಂಗಳು ನನಗೆ ಇದೇ ಸ್ಕ್ಯಾನ್ ಆಯಿತು. 57 ವರ್ಷ, ದಿನಕ್ಕೊಂದು ಪ್ಯಾಕು, ಇನ್ನೂ ಪೂರ್ತಿ ಬಿಟ್ಟಿಲ್ಲ. ಬಲಗಡೆ ಮೇಲಿನ ಭಾಗದಲ್ಲಿ 7 ಮಿಲಿಮೀಟರ್ ಗಂಟು ಅಂತ ರಿಪೋರ್ಟಿನಲ್ಲಿದೆ. ಒಬ್ಬರು ತಕ್ಷಣ ಬಯಾಪ್ಸಿ ಅಂದರು, ಇನ್ನೊಬ್ಬರು ಆರು ತಿಂಗಳು ಕಾಯಿರಿ ಅಂದರು. ಮನೆಯವಳು ರಾತ್ರಿ ನಿದ್ದೆ ಮಾಡುತ್ತಿಲ್ಲ. ಕ್ಯಾನ್ಸರ್ ಇಟ್ಟುಕೊಂಡು ಆರು ತಿಂಗಳು ಸುಮ್ನೆ ಕೂರುವುದು ಹೇಗೆ?

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ರಿಪೋರ್ಟಿನ ಪದಗಳನ್ನು ಇದ್ದ ಹಾಗೇ ಬರೆಯಿರಿ. ಗಟ್ಟಿ ಗಂಟು, ಅಂದರೆ ಸಾಲಿಡ್ ಅಂತ ಇದೆಯಾ? ಕೊನೆಯಲ್ಲಿ ಲಂಗ್-ರ್‍ಯಾಡ್ಸ್ ಅಂತ, ಅನುಮಾನ ಎಷ್ಟು ಅಂತ ಹೇಳುವ ಒಂದು ಸಂಖ್ಯೆ ಇದೆಯಾ?

ಶಿರಸಿಯ ಸದಸ್ಯರು

ಸಾಲಿಡ್ ಅಂತಿದೆ. ಲಂಗ್-ರ್‍ಯಾಡ್ಸ್ 3.

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಹಾಗಾದರೆ ಕಾಯಿರಿ ಅಂದವರು ಸರಿಯಾಗಿ ಹೇಳಿದ್ದಾರೆ. ಮೊದಲ ಸ್ಕ್ಯಾನ್‌ನಲ್ಲಿ 6ರಿಂದ 8 ಮಿಲಿಮೀಟರ್ ಒಳಗಿನ ಗಟ್ಟಿ ಗಂಟು ಸಿಕ್ಕರೆ ಆರು ತಿಂಗಳಿಗೆ ಮತ್ತೊಂದು ಲೋ ಡೋಸ್ ಸ್ಕ್ಯಾನ್. 8 ದಾಟಿದ್ದರೆ ಮೂರು ತಿಂಗಳಿಗೆ. 15 ದಾಟಿದ್ದರೆ ಕಾಯುವ ಮಾತಿಲ್ಲ, ಪೆಟ್ಟೋ ಬಯಾಪ್ಸಿಯೋ ಆಗಲೇ ನೋಡುತ್ತೇವೆ.

ನೀವು ಕ್ಯಾನ್ಸರ್ ಇಟ್ಟುಕೊಂಡು ಕೂತಿಲ್ಲ. ಒಂದು ಗಂಟು ಇದೆ, ಅದು ಏನು ಅಂತ ಗೊತ್ತಿಲ್ಲ, ಅಷ್ಟೇ. ಅಮೆರಿಕದ ದೊಡ್ಡ ಅಧ್ಯಯನದಲ್ಲಿ 53 ಸಾವಿರ ಜನರಿದ್ದರು. ಸ್ಕ್ಯಾನ್ ಗುಂಪಿನವರಿಗೆ ಮೂರು ವರ್ಷ, ವರ್ಷಕ್ಕೊಂದರಂತೆ ಸ್ಕ್ಯಾನ್ ಮಾಡಿದರು. ಅವರಲ್ಲಿ 100ಕ್ಕೆ 39 ಜನರಿಗೆ ಒಮ್ಮೆಯಾದರೂ ಅನುಮಾನದ ರಿಪೋರ್ಟ್ ಬಂತು. ಅಂಥ 100 ರಿಪೋರ್ಟಿನಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಆಗ 4 ಮಿಲಿಮೀಟರ್‌ನ ಗಂಟನ್ನೂ ಅನುಮಾನ ಅಂತ ಬರೆಯುತ್ತಿದ್ದರು. ಈಗ ಮೊದಲ ಸ್ಕ್ಯಾನ್‌ನಲ್ಲಿ ಗಟ್ಟಿ ಗಂಟಿಗೆ 6ರಿಂದ ಶುರು ಮಾಡುತ್ತಾರೆ, ಹಾಗಾಗಿ ಸುಳ್ಳು ಅನುಮಾನ ಕಡಿಮೆಯಾಗಿದೆ.

ಕಾಯುವುದೇ ಇಲ್ಲಿ ಪರೀಕ್ಷೆ. ಆರು ತಿಂಗಳ ನಂತರ 7 ಇದ್ದದ್ದು 7 ಆಗೇ ಇದ್ದರೆ ಹಳೆಯ ಕಲೆ ಇರುವ ಸಾಧ್ಯತೆಯೇ ಹೆಚ್ಚು. 8 ಅಂತ ಬಂದರೂ ಗಾಬರಿ ಬೇಡ, ಅಳೆಯುವಾಗ ಒಂದು ಮಿಲಿಮೀಟರ್ ಆಚೀಚೆ ಆಗುತ್ತದೆ. 9 ಆದರೆ ಮಾತ್ರ ಬೇರೆ ಮಾತು. ಅಡ್ಡಳತೆ 7ರಿಂದ 9 ಅಂದರೆ ಕೇಳಲಿಕ್ಕೆ ಸಣ್ಣದು, ಆದರೆ ಗಂಟಿನ ಒಟ್ಟು ಗಾತ್ರ ಎರಡು ಪಟ್ಟಾಗಿರುತ್ತದೆ. ಆಗ ಮುಂದಿನ ಹೆಜ್ಜೆ ಇಡುತ್ತೇವೆ.

ಈಗಲೇ ಬಯಾಪ್ಸಿ ಬೇಡ ಅನ್ನಲು ಕಾರಣ ಇದೆ. 7 ಮಿಲಿಮೀಟರ್ ಅಂದರೆ ಒಂದು ಬಟಾಣಿ ಕಾಳಿನಷ್ಟು. ನೀವು ಉಸಿರಾಡಿದ ಹಾಗೆಲ್ಲಾ ಅದೂ ಅಲ್ಲಾಡುತ್ತದೆ. ಸೂಜಿ ಪಕ್ಕಕ್ಕೆ ಹೋಗಬಹುದು, ಶ್ವಾಸಕೋಶ ತೂತಾಗಿ ಎದೆಯೊಳಗೆ ಗಾಳಿ ಸೋರಬಹುದು. ನಮ್ಮ ವಾರ್ಡಿನಲ್ಲಿ ಒಬ್ಬರು ಇದೇ ಕಾರಣಕ್ಕೆ ಎದೆಗೆ ಟ್ಯೂಬ್ ಹಾಕಿಸಿಕೊಂಡು ನಾಲ್ಕು ದಿನ ಮಲಗಿದ್ದರು. ಕೊನೆಗೆ ಅದು ಹಳೇ ಟಿಬಿ ಗಂಟು.

ಸಿಗರೇಟು ಮಾತ್ರ ಇವತ್ತೇ ಬಿಡಲು ನೋಡಿ ಸರ್. 1800-112-356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಹಾಯ ಸಿಗುತ್ತದೆ.

ವಿಜಯಪುರದ ಸದಸ್ಯರು

ನಮ್ಮ ಕಾಕಾ ಸಹ ಭಾಳ ವರ್ಷದಿಂದ ಸೇದುತ್ತಾರೆ. ಎರಡು ವಾರದಿಂದ ಕಫದಲ್ಲಿ ರಕ್ತ ಬರುತ್ತಿದೆ, ತೂಕವೂ ಇಳಿದಿದೆ. ಅವರಿಗೂ ಈ ಲೋ ಡೋಸ್ ಸ್ಕ್ಯಾನ್ ಬುಕ್ ಮಾಡಲಾ?

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಬೇಡ. ಅವರಿಗೆ ಇದಲ್ಲ. ಇದು ಏನೂ ತೊಂದರೆ ಇಲ್ಲದವರಿಗೆ ಮಾಡುವ ಸ್ಕ್ಯಾನ್. ಕಾಕಾ ಅವರನ್ನು ನಾಳೆಯೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಫವನ್ನು ಟಿಬಿಗೆ ಪರೀಕ್ಷೆ ಮಾಡಬೇಕು, ಎಕ್ಸ್‌ರೇ, ಬೇಕಾದರೆ ಡೈ ಹಾಕಿದ ಪೂರ್ತಿ ಸಿಟಿ ಮಾಡಬೇಕು. ಒಂದೇ ಸಲಕ್ಕೆ ರಕ್ತ ಜಾಸ್ತಿ ಬಂದರೆ ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಹೋಗಿ. ನಾಳೆ ಸಂಜೆ ಇಲ್ಲೇ ತಿಳಿಸಿ.

ನಿಪ್ಪಾಣಿಯ ಸದಸ್ಯರು

ಮೇಡಂ, ನಮ್ಮ ಕಡೆ ಸಿಗರೇಟಿಗಿಂತ ಬೀಡಿ ಜಾಸ್ತಿ. ಮಾವ ದಿನಕ್ಕೆ ಒಂದು ಕಟ್ಟು, 25 ಬೀಡಿ, 40 ವರ್ಷದಿಂದ. ಇದಕ್ಕೆ ಪ್ಯಾಕ್-ಇಯರ್ ಹೇಗೆ?

ನಿವೃತ್ತ ವೈದ್ಯರು, ಚಿಕ್ಕೋಡಿ

ನಾನು ಮೊದಲಿಂದಲೂ ನಾಲ್ಕು ಬೀಡಿಗೆ ಒಂದು ಸಿಗರೇಟು ಅಂತ ಹಿಡಿಯುತ್ತಾ ಬಂದವನು. ಬೀಡಿಯಲ್ಲಿ ತಂಬಾಕು ಅಷ್ಟೇ ಕಡಿಮೆ. ಆ ಲೆಕ್ಕದಲ್ಲಿ ಇವರ ಮಾವನಿಗೆ ಸುಮಾರು 12 ಬರುತ್ತದೆ. ಸ್ಕ್ಯಾನ್ ಬೇಕಿಲ್ಲ.

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಸರ್, ನೀವು ನನಗಿಂತ ಹೆಚ್ಚು ಬೀಡಿ ಸೇದುವವರನ್ನು ನೋಡಿದ್ದೀರಿ, ಆದರೂ ಇಲ್ಲಿ ನನಗೆ ಒಪ್ಪಿಗೆಯಾಗುತ್ತಿಲ್ಲ. ತಂಬಾಕು ಕಡಿಮೆ ನಿಜ. ಆದರೆ ತೆಂಡು ಎಲೆಯಲ್ಲಿ ಗಾಳಿ ಆಡುವುದಿಲ್ಲ, ಪದೇ ಪದೇ ಜೋರಾಗಿ ಎಳೆಯದಿದ್ದರೆ ಆರಿಹೋಗುತ್ತದೆ. ಹಾಗೆ ಎಳೆದಾಗ ಒಳಗೆ ಹೋಗುವ ಟಾರ್ ಸಿಗರೇಟಿಗಿಂತ ಕಡಿಮೆ ಇಲ್ಲ. ನಾನು ಒಂದು ಬೀಡಿಗೆ ಒಂದು ಸಿಗರೇಟು ಅಂತಲೇ ಹಿಡಿಯುತ್ತೇನೆ. ಆಗ 50 ಬರುತ್ತದೆ.

ನಿವೃತ್ತ ವೈದ್ಯರು, ಚಿಕ್ಕೋಡಿ

12 ಎಲ್ಲಿ, 50 ಎಲ್ಲಿ! ನೀವು ಹೇಳಿದ ಅಧ್ಯಯನಗಳು ಸಿಗರೇಟು ಸೇದುವವರನ್ನು ಲೆಕ್ಕ ಹಾಕಿ ಮಾಡಿದ್ದು. ಬೀಡಿಗೆ ಆ ಸಂಖ್ಯೆ ಹಚ್ಚುವುದೇ ಕಷ್ಟ ಅಲ್ವಾ?

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಕಷ್ಟ, ಒಪ್ಪುತ್ತೇನೆ. ನಿಪ್ಪಾಣಿಯವರೇ, ಅದಕ್ಕೇ ಮಾವನವರನ್ನು ಎದುರಿಗೆ ನೋಡದೆ ಹೇಳಲಾರೆ. ಅವರ ವಯಸ್ಸು, ಉಸಿರಿನ ಶಕ್ತಿ, ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶ ಕ್ಯಾನ್ಸರ್ ಆಗಿತ್ತಾ, ಇದೆಲ್ಲಾ ಬೇಕು.

ಹಾವೇರಿಯ ಸದಸ್ಯೆ

ಮೇಡಂ, ಸೆಂಟರ್‌ಗೆ ಫೋನ್ ಮಾಡಿದೆ. ಡೈ ಹಾಕುತ್ತೇವೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು. ಲೋ ಡೋಸ್ ಅಂದರೆ ಅವರಿಗೆ ಗೊತ್ತಾಗಲೇ ಇಲ್ಲ. ಬೇಡ ಅಂದೆ.

ಆದರೆ ಅಪ್ಪ ಈಗ ಬೇರೆ ಹೇಳುತ್ತಿದ್ದಾರೆ. ಇಷ್ಟು ಜನಕ್ಕೆ ಸುಳ್ಳು ಅನುಮಾನ ಬರುತ್ತದೆ ಅಂದರೆ ನನಗೆ ಈ ಉಸಾಬರಿ ಬೇಡ ಅಂತ. ನಿಜವಾಗಿ ಎಷ್ಟು ಜನರಿಗೆ ಉಪಯೋಗ ಆಗುತ್ತದೆ?

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

53 ಸಾವಿರ ಜನರ ಆ ಅಧ್ಯಯನದಲ್ಲಿ ಒಂದು ಗುಂಪಿಗೆ ಸ್ಕ್ಯಾನ್, ಇನ್ನೊಂದಕ್ಕೆ ಎಕ್ಸ್‌ರೇ ಮಾಡಿದ್ದರು. ಸ್ಕ್ಯಾನ್ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರ್ ಸಾವು ಎಕ್ಸ್‌ರೇ ಗುಂಪಿಗಿಂತ 20% ಕಡಿಮೆ ಇತ್ತು. ತಂದೆಯವರಿಗೆ ಹೀಗೆ ಹೇಳಿ: ಸುಮಾರು 320 ಜನರನ್ನು ಸ್ಕ್ಯಾನ್ ಮಾಡಿದರೆ ಒಬ್ಬರು ಈ ಕ್ಯಾನ್ಸರ್‌ನಿಂದ ಸಾಯುವುದು ತಪ್ಪುತ್ತದೆ. ಉಳಿದವರಿಗೆ ಆ ಲಾಭ ಇಲ್ಲ, ಕೆಲವರಿಗೆ ಚಿಂತೆ ಮತ್ತು ಮರುಸ್ಕ್ಯಾನ್. ಈ ವರ್ಷ ಏನೂ ಇಲ್ಲ ಅಂತ ಬಂದರೂ ಬೇಗ ಬೆಳೆಯುವ ಜಾತಿಯ ಕ್ಯಾನ್ಸರ್ ಮುಂದಿನ ಸ್ಕ್ಯಾನ್‌ಗೆ ಮೊದಲೇ ಬರಬಹುದು. ಇಷ್ಟೆಲ್ಲಾ ಗೊತ್ತಿದ್ದೂ ಬೇಡ ಅಂದರೆ ಅದು ತಪ್ಪು ನಿರ್ಧಾರ ಅಲ್ಲ. ನನ್ನನ್ನೇ ಕೇಳಿದರೆ, 25 ಪ್ಯಾಕ್-ಇಯರ್, ಗಟ್ಟಿ ಆರೋಗ್ಯ, ವರ್ಷಾ ವರ್ಷಾ ಬರಲು ಸಿದ್ಧ ಅಂದರೆ ಮಾಡಿಸಿ ಅನ್ನುತ್ತೇನೆ. ಒಂದೇ ಸಲ ಮಾಡಿಸಿ ಬಿಡುವುದಾದರೆ ಲಾಭ ಕಡಿಮೆ.

ಒಂದು ವಿಷಯ, ಟಿಬಿ ಆದಾಗಿನ ಎಕ್ಸ್‌ರೇ ಮನೆಯಲ್ಲಿದೆಯಾ?

ಹಾವೇರಿಯ ಸದಸ್ಯೆ

ಅಜ್ಜಿಯ ಟ್ರಂಕಿನಲ್ಲಿ ಇತ್ತು ಮೇಡಂ, ಸೀರೆಗಳ ಕೆಳಗೆ. ಸ್ವಲ್ಪ ಹಳದಿ ಆಗಿದೆ, ಆದರೆ ಬೆಳಕಿಗೆ ಹಿಡಿದರೆ ಎಡಗಡೆ ಮೇಲೆ ಬಿಳಿ ಕಲೆ ಕಾಣುತ್ತದೆ.

ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಅದನ್ನು ಮಡಚಬೇಡಿ. ಎರಡು ರಟ್ಟಿನ ನಡುವೆ ಇಟ್ಟು ತನ್ನಿ. ಸ್ಕ್ಯಾನ್ ಮಾಡಿಸಿದರೆ ಆ ಜಾಗದಲ್ಲಿ ಏನಾದರೂ ಕಂಡೇ ಕಾಣುತ್ತದೆ. 31 ವರ್ಷದ ಹಿಂದೆಯೇ ಅಲ್ಲಿ ಕಲೆ ಇತ್ತು ಅಂತ ಈ ಫಿಲ್ಮ್ ತೋರಿಸಿದರೆ ಸೂಜಿ ಹಾಕುವ ಪ್ರಸಂಗ ತಪ್ಪಬಹುದು. ರೇಡಿಯಾಲಜಿಸ್ಟ್‌ಗೂ ಟಿಬಿ ಆಗಿತ್ತು ಅಂತ ಮೊದಲೇ ಬರೆದು ಕೊಡಿ.

ಹಾವೇರಿಯ ಸದಸ್ಯೆ

ಸರಿ ಮೇಡಂ. ಅಪ್ಪ ಇನ್ನೂ ಹೂಂ ಅಂದಿಲ್ಲ. ಭಾನುವಾರ ಅಣ್ಣ ಬರುತ್ತಾನೆ, ಕೂತು ಮಾತಾಡುತ್ತೇವೆ.