ರೂಮ್ ಬಾಡಿಗೆ ಮಿತಿ ದಾಟಿದರೆ ಇಡೀ ಬಿಲ್ಲಿಗೇ ಕತ್ತರಿ ಯಾಕೆ?

ಗದಗದಿಂದ ಪ್ರಶ್ನೆ: ಅವ್ವನಿಗೆ ಹುಬ್ಬಳ್ಳಿಯಲ್ಲಿ ಪಿತ್ತಕೋಶದ ಆಪರೇಷನ್ ಇದೆ. ಆರೋಗ್ಯ ವಿಮೆ ಪಾಲಿಸಿ 3 ಲಕ್ಷದ್ದು, ರೂಮಿಗೆ ದಿನಕ್ಕೆ 1 ಪರ್ಸೆಂಟ್, ಅಂದ್ರೆ 3,000. ನಾವು 5,000ದ ಎಸಿ ರೂಮ್ ತಗೊಂಡು ಮೇಲಿನ 2,000 ಕೈಯಿಂದ ಕೊಟ್ಟರೆ ಆಯ್ತಲ್ವಾ?

ಧಾರವಾಡದವರು: ಆಯ್ತು ಬಿಡಿ. ನಾಲ್ಕು ದಿನಕ್ಕೆ 8,000 ಹೋಗುತ್ತೆ, ಅಷ್ಟೇ. ಅವ್ವನಿಗೆ ಆರಾಮ ಮುಖ್ಯ.

ಹುಬ್ಬಳ್ಳಿ ವಿದ್ಯಾನಗರದವರು: ಅಷ್ಟಕ್ಕೇ ಮುಗಿಯಲ್ಲ ಸರ್. ನಾನು ಆಸ್ಪತ್ರೆ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ಎಷ್ಟೋ ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದಷ್ಟೂ ಸರ್ಜನ್ ಫೀ, ಅರಿವಳಿಕೆ, ಓಟಿ, ಡಾಕ್ಟರ್ ವಿಸಿಟ್ ಎಲ್ಲದರ ರೇಟೂ ಏರುತ್ತೆ. ಅದಕ್ಕೇ ಕಂಪನಿಯವರು 5,000ದಲ್ಲಿ 3,000 ಎಷ್ಟು ಪಾಲು ಅಂತ ನೋಡಿ, ಆ 60 ಪರ್ಸೆಂಟ್ ಲೆಕ್ಕವನ್ನು ಇವಕ್ಕೂ ಹಚ್ಚುತ್ತಾರೆ.

ನಮ್ಮ ಅಪ್ಪನ ಬಿಲ್ಲೇ ಹೇಳ್ತೀನಿ, ಮಿತಿಯೂ ರೂಮಿನ ರೇಟೂ ನಿಮ್ಮದರಂತೆಯೇ. ರೂಮಿಗೆ 20,000, ಸರ್ಜನ್, ಓಟಿ ಎಲ್ಲ ಸೇರಿ 80,000, ಔಷಧಿ ಮತ್ತು ಟೆಸ್ಟಿಗೆ 40,000. ಒಟ್ಟು 1,40,000. ಬಂದದ್ದು 84,000. ಔಷಧಿ ಅಂಗಡಿ ಚೀಟಿಗೂ 60 ಪರ್ಸೆಂಟೇ ಕೊಟ್ಟಿದ್ದರು!

ಅದು ತಪ್ಪು. ಔಷಧಿ, ಟೆಸ್ಟು, ದೇಹದೊಳಗೆ ಕೂಡಿಸುವ ಸ್ಟೆಂಟ್‌ನಂಥವು, ಐಸಿಯು ಬಾಡಿಗೆ, ಇವನ್ನು ರೂಮಿನ ಲೆಕ್ಕದಲ್ಲಿ ಕತ್ತರಿಸೋ ಹಾಗಿಲ್ಲ ಅಂತ ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಸೆಟಲ್‌ಮೆಂಟ್ ಲೆಟರಿನ ಸಾಲು ಸಾಲಿಗೂ ಪೆನ್ನಿನಿಂದ ಗೆರೆ ಹಾಕಿ ದೂರು ಕೊಟ್ಟೆ. 16,000 ವಾಪಸ್ ಬಂತು. ಆದರೂ 40,000 ಕೈಬಿಟ್ಟಿತು. ಅದರಲ್ಲಿ ರೂಮಿನ ವ್ಯತ್ಯಾಸ 8,000 ಮಾತ್ರ, ಉಳಿದ 32,000 ಸರ್ಜನ್, ಓಟಿ ಲೆಕ್ಕದ್ದು.

ಹಾವೇರಿಯವರು: ನಮ್ಮ ಮಾವನವರಿಗೂ 30,000 ಕಡಿತ ಆಗಿತ್ತು ಅಕ್ಕಾರ. ಆದರೆ ಅವರು ಜನರಲ್ ವಾರ್ಡಿನಲ್ಲೇ ಇದ್ದರು. ಇದೂ ರೂಮಿನ ಕತೆಯೇನು?

ವಿದ್ಯಾನಗರದವರು: ವಾರ್ಡಿನ ಬಾಡಿಗೆ ಮಿತಿಯೊಳಗಿದ್ದರೆ ಇದಲ್ಲ. ವಯಸ್ಸಾದವರ ಪಾಲಿಸಿ ಇರಬೇಕು, ಕೋ-ಪೇ, ಅಂದ್ರೆ ಬಿಲ್ಲಿನ ಒಂದು ಪಾಲು ನಾವೇ ಕೊಡಬೇಕು ಅನ್ನೋ ಷರತ್ತು, ಇದೆಯಾ ನೋಡಿ.

ಧಾರವಾಡದವರು: ನನ್ನ ಲೆಕ್ಕ ತಪ್ಪಿತ್ತು. ಆದರೆ ಎಲ್ಲ ರೂಮಿಗೂ ಆಪರೇಷನ್ ರೇಟ್ ಒಂದೇ ಇಟ್ಟಿರೋ ಆಸ್ಪತ್ರೆ ಇದ್ದರೆ?

ವಿದ್ಯಾನಗರದವರು: ಅಲ್ಲಿ ರೂಮಿನ ವ್ಯತ್ಯಾಸ ಬಿಟ್ಟು ಬೇರೆ ಕಡಿತ ಮಾಡುವಂತಿಲ್ಲ. ಆದರೆ ಅದನ್ನು ತೋರಿಸೋಕೆ ಆಸ್ಪತ್ರೆಯ ರೇಟ್ ಪಟ್ಟಿ ಬೇಕು. ಗದಗದವರೇ, ಅಡ್ಮಿಟ್ ಆಗೋ ಮುಂಚೆಯೇ ಆಸ್ಪತ್ರೆಯಲ್ಲಿ ವಿಮೆ ಕ್ಲೇಮ್ ನೋಡೋ ಟಿಪಿಎ ಡೆಸ್ಕಿನಲ್ಲಿ ಅದನ್ನು ಕೇಳಿ. ನಿಮ್ಮ 3,000ದೊಳಗೆ ನರ್ಸಿಂಗ್ ಚಾರ್ಜೂ ಸೇರಿದೆಯಾ ಅಂತ ಪಾಲಿಸಿಯಲ್ಲಿ ಓದಿ. ಸೇರಿದ್ದರೆ 2,800ರ ರೂಮೂ ಮಿತಿ ದಾಟಬಹುದು.

ಗದಗದವರು: ಓದಿದೆ ಅಕ್ಕಾರ. ನರ್ಸಿಂಗ್ ಸೇರಿ ಅಂತಲೇ ಇದೆ. 2,200ರ ಶೇರಿಂಗ್ ರೂಮ್ ಇದೆಯಂತೆ, ಅವ್ವನ್ನ ಕೇಳ್ತೀನಿ. ರೇಟ್ ಪಟ್ಟಿ ಮಾತ್ರ ಇನ್ನೂ ಕೊಟ್ಟಿಲ್ಲ, ನಾಳೆ ಬನ್ನಿ ಅಂದಿದ್ದಾರೆ.