ಪದಚರ್ಚೆ: ಸೀರೆ ಕೊಂಡವರಿಗೆ ಕೊಡುವ 50 ರೂಪಾಯಿ ‘ಕಾಣಿಕೆ’ಯೋ ‘ಕೊಸರೋ’?

ಹುಬ್ಬಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಇಳಕಲ್ ಸೀರೆಗಳನ್ನು ಅಂಚೆಯಲ್ಲಿ ಕಳಿಸಿ ಮಾರುತ್ತಾಳೆ. ಸೀರೆ ಕೊಂಡವರಿಂದ ಐದು ಪ್ರಶ್ನೆಗಳಿಗೆ ಉತ್ತರ ಪಡೆಯುವ ಆಸೆ ಅವಳದು. ಉತ್ತರಿಸಿದವರಿಗೆ ಮುಂದಿನ ಸೀರೆಯ ಬೆಲೆಯಲ್ಲಿ 50 ರೂಪಾಯಿ ಬಿಡುತ್ತಾಳೆ. ಪರಿಚಯದವರೊಬ್ಬರು ಬರೆದುಕೊಟ್ಟ ಕರಡು ಇದು:

“ಆತ್ಮೀಯ ಗ್ರಾಹಕರೇ, ನಿಮ್ಮ ಇತ್ತೀಚಿನ ಖರೀದಿಯ ಕುರಿತಾದ ಹಿಮ್ಮಾಹಿತಿ ಸಮೀಕ್ಷೆಯಲ್ಲಿ ಭಾಗವಹಿಸಿ. ಇದು ಕೇವಲ 3 ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಕೃತಜ್ಞತೆಯ ಸಂಕೇತವಾಗಿ ರೂ. 50ರ ಪ್ರೋತ್ಸಾಹಧನ ಪಡೆಯಿರಿ.”

ಅಕ್ಕ ಓದಿ, “ಇದು ಪಂಚಾಯಿತಿಯಿಂದ ಬಂದ ಕಾಗದದ ಹಾಗಿದೆ” ಎಂದಳು. ಹಿಮ್ಮಾಹಿತಿ, ಸಮೀಕ್ಷೆ, ಪ್ರೋತ್ಸಾಹಧನ, ಈ ಮೂರಕ್ಕೂ ಬೇರೆ ಮಾತು ಬೇಕು.

ಮೈಸೂರಿನಿಂದ

ನಿಮ್ಮ ಅಕ್ಕನವರ ಕಿವಿ ಚುರುಕಾಗಿದೆ. ಪ್ರೋತ್ಸಾಹಧನ ಎಂದರೆ ನಮ್ಮ ಹಳ್ಳಿಗಳಲ್ಲಿ ಹಾಲು ಹಾಕುವವರಿಗೆ ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಹಣ. ಸಮೀಕ್ಷೆ ಎಂದರೆ ಬೆಳೆ ಸಮೀಕ್ಷೆ, ಮನೆ ಮನೆ ಸಮೀಕ್ಷೆ. ಎರಡರಲ್ಲೂ ಸರ್ಕಾರದ ಗಾಳಿ ಬೀಸುತ್ತದೆ. ಹಿಮ್ಮಾಹಿತಿ ಪಠ್ಯಪುಸ್ತಕದ ಮಾತು. ಅದಕ್ಕೆ ‘ಅನಿಸಿಕೆ’ ಹಾಕಬಹುದು, ಆದರೆ ನಿಜಕ್ಕೂ ಹೆಸರೇ ಬೇಕೇ ಎಂದು ಮೊದಲು ನೋಡಿ. ಆ ಐದು ಪ್ರಶ್ನೆ ಯಾವುವು?

ಹುಬ್ಬಳ್ಳಿಯಿಂದ

ಬಣ್ಣ ಚಿತ್ರದಲ್ಲಿ ಕಂಡಂತೆಯೇ ಇದೆಯೇ, ಸೆರಗು ಒಡಲಿಗೆ ಕೂಡಿದ ಕಡೆ ಸರಿಯಾಗಿದೆಯೇ, ಕಟ್ಟು ಹರಿದಿತ್ತೇ, ಎಷ್ಟು ದಿನಕ್ಕೆ ತಲುಪಿತು, ಇನ್ನೇನಾದರೂ ಹೇಳುವುದಿದೆಯೇ.

ಮೈಸೂರಿನಿಂದ

ನೋಡಿ, ಮೊದಲ ನಾಲ್ಕರಲ್ಲಿ ಅನಿಸಿಕೆಯೂ ಇಲ್ಲ, ಅಭಿಪ್ರಾಯವೂ ಇಲ್ಲ. ಕಂಡದ್ದನ್ನು ಹೇಳುವುದು, ಅಷ್ಟೇ. ‘ಐದು ಪ್ರಶ್ನೆಗಳಿಗೆ ಉತ್ತರಿಸಿ’ ಎಂದರೆ ಮುಗಿಯಿತು. ‘3 ನಿಮಿಷ ತೆಗೆದುಕೊಳ್ಳುತ್ತದೆ’ ಎಂಬುದನ್ನೂ ಬಿಡಿ, ಕನ್ನಡದಲ್ಲಿ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ‘3 ನಿಮಿಷ ಸಾಕು’ ಇನ್ನೂ ಚೆನ್ನ, ಆದರೆ ಅದು ಮಾತು ಕೊಟ್ಟಂತೆ. ಮೊಬೈಲಿನಲ್ಲಿ ಕನ್ನಡ ಟೈಪಿಸಿ ಅಭ್ಯಾಸವಿಲ್ಲದವರ ಕೈಗೆ ಕೊಟ್ಟು ಗಡಿಯಾರ ನೋಡಿ. ಐದನೆಯ ಪ್ರಶ್ನೆಯೊಂದೇ ಮೂರು ನಿಮಿಷ ನುಂಗಬಹುದು.

ಬೆಂಗಳೂರಿನಿಂದ

50 ರೂಪಾಯಿಗೆ ‘ಕಿರುಕಾಣಿಕೆ’ ಎನ್ನಿ, ಗೌರವವೂ ಇರುತ್ತದೆ. ಎಸ್ಸೆಮ್ಮೆಸ್ಸಿನಲ್ಲಿ ಕಳಿಸುವುದಾದರೆ 160 ಅಕ್ಷರ ಮೀರದಂತೆ ನೋಡಿಕೊಳ್ಳಿ.

ಮೈಸೂರಿನಿಂದ

160 ರೋಮನ್ ಲಿಪಿಗೆ ಸರ್. ಕನ್ನಡಕ್ಕೆ ಒಂದು ಸಂದೇಶದಲ್ಲಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ: ‘ಕೃತಜ್ಞತೆ’ ಕಣ್ಣಿಗೆ ನಾಲ್ಕು, ಯಂತ್ರಕ್ಕೆ ಎಂಟು, ಏಕೆಂದರೆ ಸ್ವರಚಿಹ್ನೆಯೂ ಒತ್ತಕ್ಷರವೂ ಅದನ್ನು ಕೂಡಿಸುವ, ಕಣ್ಣಿಗೆ ಕಾಣದ ಚಿಹ್ನೆಯೂ ಬೇರೆ ಬೇರೆ ಲೆಕ್ಕ. ಮೀರಿದರೆ ಎರಡು ಸಂದೇಶದ ದುಡ್ಡು. ಇನ್ನು ಕಾಣಿಕೆಯನ್ನು ನಾವು ದೇವರಿಗೆ, ಗುರುವಿಗೆ, ಮದುಮಕ್ಕಳಿಗೆ ಒಪ್ಪಿಸುತ್ತೇವೆ. ಅಂಗಡಿಯವರು ಬೆಲೆಯಲ್ಲಿ ಬಿಟ್ಟುಕೊಡುವುದಕ್ಕೆ ಅದು ಹೊಂದದು.

ಸಾಗರದಿಂದ

ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಪದ ಯಾವುದಾದರೂ ಆಗಲಿ, ಸಂದೇಶ ಯಾವಾಗ ಕಳಿಸುತ್ತೀರಿ? ನಾನು ಪೊಟ್ಟಣ ಅಂಚೆಗೆ ಹಾಕಿದ ದಿನವೇ “ರುಚಿ ಹೇಗಿತ್ತು?” ಎಂದು ಕಳಿಸಿಬಿಟ್ಟೆ. ಬಂದ ಉತ್ತರಗಳೆಲ್ಲ “ಇನ್ನೂ ಬಂದಿಲ್ಲ” ಎಂದೇ. ಈಗ ತಲುಪಿತೆಂದು ತಿಳಿದ ಮೇಲೆ ಎರಡು ದಿನ ಬಿಟ್ಟು ಕಳಿಸುತ್ತೇನೆ. ನೀವಂತೂ ಸೀರೆಯ ಮಡಿಕೆ ಬಿಚ್ಚಿ ನೋಡುವಷ್ಟು ದಿನ ಕೊಡಿ.

ಧಾರವಾಡದಿಂದ

ಪೇಟೆಯಲ್ಲಿ ನಮಗೊಂದು ಒಳ್ಳೆಯ ಮಾತಿದೆ, ಕೊಸರು. ಅವರೆಕಾಯಿ ಅಳೆದು ಸುರಿದ ಮೇಲೆ ಮಾರುವವಳು ಇನ್ನೊಂದು ಹಿಡಿ ಹಾಕುತ್ತಾಳಲ್ಲ, ಅದು. ‘ಉತ್ತರಿಸಿದವರಿಗೆ 50 ರೂಪಾಯಿ ಕೊಸರು’ ಎಂದು ಬರೆಯಿರಿ, ಸೀರೆ ಕೊಂಡವರ ಮುಖ ಅರಳುತ್ತದೆ.

ಮೈಸೂರಿನಿಂದ

ಮಾತು ನನಗೂ ಇಷ್ಟ. ಆದರೆ ಕೊಸರು ಕೊಂಡ ಸರಕಿನದೇ, ಕೊಂಡ ಹೊತ್ತಿಗೇ. ಏನನ್ನೂ ಮಾಡಿಸಿಕೊಂಡು ಕೊಡುವುದಲ್ಲ. ಇಲ್ಲಿ ಉತ್ತರ ಪಡೆದು, ಮುಂದಿನ ಖರೀದಿಗೆ ಕೊಡುತ್ತಿದ್ದೀರಿ. ಅದನ್ನು ‘ಕಡಿಮೆ’ ಎಂದು ನೇರವಾಗಿ ಹೇಳುವುದೇ ಪ್ರಾಮಾಣಿಕ. ಇನ್ನೊಂದು ಮಾತು. ‘ಒಳ್ಳೆಯ ಅನಿಸಿಕೆ ತಿಳಿಸಿ, 50 ರೂಪಾಯಿ ಪಡೆಯಿರಿ’ ಎಂಬಂಥ ಸಾಲುಗಳನ್ನು ನೋಡುತ್ತಿರುತ್ತೇನೆ. ಆ ‘ಒಳ್ಳೆಯ’ ಒಂದು ಸೇರಿದರೆ ಹೊಗಳಿಕೆಗೆ ಕೂಲಿ ಕೊಟ್ಟಂತಾಗುತ್ತದೆ. ಬಣ್ಣ ಬಿಟ್ಟಿತೆಂದು ಯಾರೂ ಬರೆಯುವುದಿಲ್ಲ, ಅಕ್ಕನವರಿಗೆ ತಿಳಿಯಬೇಕಾದದ್ದು ಅದೇ.

ಹುಬ್ಬಳ್ಳಿಯಿಂದ

ಅತ್ತೆಯವರ ಕೈಗೆ ಮೊಬೈಲ್ ಕೊಟ್ಟು ನೋಡಿದೆವು, ಆರು ನಿಮಿಷ ಹಿಡಿಯಿತು. ಐದನೆಯ ಪ್ರಶ್ನೆಗೆ ಧ್ವನಿ ಸಂದೇಶ ಕಳಿಸಬಹುದು ಎಂದು ಬದಲಿಸಿದ ಮೇಲೆ ಮೂರಕ್ಕೆ ಇಳಿಯಿತು. ವಾಟ್ಸಾಪಿನಲ್ಲೇ ಕಳಿಸುತ್ತೇವೆ, ಅಕ್ಷರ ಎಣಿಸುವ ಕೆಲಸ ತಪ್ಪಿತು. ಈಗ ಬರೆದದ್ದು:

“ನಮಸ್ಕಾರ. ಸೀರೆ ಹೇಗಿದೆ? ಐದು ಪ್ರಶ್ನೆಗಳಿವೆ, 3 ನಿಮಿಷ ಹಿಡಿಯಬಹುದು. ಹಿಡಿಸಿದ್ದನ್ನೂ ಹಿಡಿಸದ್ದನ್ನೂ ತಿಳಿಸಿ. ಉತ್ತರ ಏನೇ ಇರಲಿ, ಮುಂದಿನ ಸೀರೆಗೆ 50 ರೂಪಾಯಿ ಕಡಿಮೆ.”

ಅಕ್ಕನಿಗೆ ಮಾತ್ರ ‘ಕೊಸರು’ ಬಿಡಲು ಮನಸ್ಸಿಲ್ಲ.

ಧಾರವಾಡದಿಂದ

ಹಾಗಾದರೆ 50 ರೂಪಾಯಿಯ ಬದಲು ಉತ್ತರಿಸಿದವರ ಮುಂದಿನ ಕಟ್ಟಿನಲ್ಲಿ ಸೀರೆಯ ಜತೆ ಒಂದು ಕುಬಸದ ಖಣ ಇಡಲಿ. ಆಗಲಾದರೂ ಕೊಸರು ಎನ್ನಬಹುದೋ ಇಲ್ಲವೋ, ಮೈಸೂರಿನವರು ಹೇಳಬೇಕು.