ಮೊದಲ ವರ್ಷದ ಅಭಿನಂದನೆ ಬರೆಯೋದು ಹೇಗೆ?

ಕೇಳಿದವರು: ಮುಂದಿನ ವಾರ ನಮ್ಮ ಕಂಪನಿಗೆ ಒಂದು ವರ್ಷ. ತುಮಕೂರಿನಲ್ಲಿ ಗಾಣದ ಎಣ್ಣೆ ಮಾಡಿ ಮಾರುತ್ತೇವೆ, ಆರು ಜನ. ಎರಡು ಸಲ ಸಂಬಳ ತಡವಾಗಿದೆ. ಅದನ್ನೂ ಮುಚ್ಚಿಡದೆ ತಂಡಕ್ಕೆ ಅಭಿನಂದನೆ ಹೇಳಬೇಕು. ಹೇಗೆ ಬರೆಯಲಿ?

ಮೈಸೂರಿನಿಂದ, ಹಾಲು ಹಂಚಿಕೆಯ ಆ್ಯಪ್ ನಡೆಸುವವಳು: ನಾನು ಮೊದಲು ಬರೆದದ್ದು "ಎಷ್ಟೋ ಕಷ್ಟಗಳನ್ನು ಒಟ್ಟಿಗೆ ಎದುರಿಸಿದೆವು" ಅಂತ. ಓದಿ ನೋಡಿದರೆ ಅದು ಯಾರ ಕಂಪನಿಗೆ ಬೇಕಾದರೂ ಹೊಂದುತ್ತಿತ್ತು. ಹರಿದು ಹಾಕಿದೆ. ಆಮೇಲೆ ಬಿಲ್ ಪುಸ್ತಕ ಮತ್ತು ನಮ್ಮ ವಾಟ್ಸಾಪ್ ಗುಂಪು ತೆರೆದು, ತಿಂಗಳು ತಿಂಗಳೂ ಹಿಂದಕ್ಕೆ ಓದಿದೆ. ಒಬ್ಬೊಬ್ಬರ ಹೆಸರಿಗೂ ಒಂದೊಂದು ದಿನ ಸಿಕ್ಕಿತು. ಬೆಳಗಿನ ನಾಲ್ಕಕ್ಕೆ ಸರ್ವರ್ ನಿಂತಾಗ ನಮ್ಮ ಹುಡುಗಿ ನೂರಾ ಹತ್ತು ಮನೆಯ ಪಟ್ಟಿಯನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು ಹಾಲಿನವರಿಗೆ ಕಳಿಸಿದ್ದಳು. ಅಷ್ಟನ್ನೇ ಬರೆದೆ.

ಸಂಬಳದ ಮಾತು ಧನ್ಯವಾದದ ಮಧ್ಯೆ ಬೇಡ. ಮೊದಲೇ ಬರಲಿ. ಯಾವ ತಿಂಗಳು, ಎಷ್ಟು ದಿನ, ಯಾಕೆ, ಈಗ ಏನು ಬದಲಾಗಿದೆ, ಇಷ್ಟು ಸಾಕು. "ನಿಮ್ಮ ತಾಳ್ಮೆಗೆ ಧನ್ಯವಾದ" ಅನ್ನಬೇಡಿ. ಅವರಿಗೆ ಬೇರೆ ದಾರಿ ಇರಲಿಲ್ಲ ಅಲ್ವಾ?

ಹುಬ್ಬಳ್ಳಿಯವರು: ಸಂಬಳದ ಸುದ್ದಿ ತೆಗೆಯಲೇಬೇಡಿ ಸರ್. ಹಬ್ಬದ ದಿನ ಯಾಕೆ? "ಮುಂದೆ ನಿಮಗೆಲ್ಲ ಶೇರು ಕೊಡುತ್ತೇವೆ" ಅಂತ ಬರೆಯಿರಿ, ಖುಷಿಪಡುತ್ತಾರೆ.

ಲೆಕ್ಕಪತ್ರ ನೋಡುವವರು: ಹೊರಗೆ ಹಾಕುವ ಪೋಸ್ಟಿನಲ್ಲಿ ಸಂಬಳದ ವಿಷಯ ಬೇಡ ಎಂದರೆ ಒಪ್ಪುತ್ತೇನೆ. ಒಳಗಿನ ಪತ್ರದಲ್ಲಿ ಇರಲಿ. ಆದರೆ ಶೇರಿನ ಮಾತು ಸುಮ್ನೆ ಬರೆಯಬೇಡಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇಸಾಪ್‌ಗೆ, ಅಂದರೆ ಕೆಲಸಗಾರರಿಗೆ ಶೇರು ಕೊಡುವ ಯೋಜನೆಗೆ, ಶೇರುದಾರರ ಒಪ್ಪಿಗೆ ಬೇಕು. ಕೊಟ್ಟ ಮೇಲೂ ಕನಿಷ್ಠ ಒಂದು ವರ್ಷ ಕಳೆಯದೆ ಅದು ಕೈಗೆ ಬರುವುದಿಲ್ಲ. ಪಾಲುದಾರಿಕೆ ಸಂಸ್ಥೆಯಾದರೆ ಕೊಡಲು ಶೇರೇ ಇರುವುದಿಲ್ಲ.

ಬೇಕರಿ ಇಟ್ಟವರು: ನಮ್ಮಲ್ಲಿ ವರ್ಷದ ದಿನ ಪೂಜೆ ಮಾಡಿ ಗಿರಾಕಿಗಳಿಗೆಲ್ಲ ಮೈಸೂರುಪಾಕು ಹಂಚಿದೆವು. ಎರಡು ಕೆಜಿ ಜಾಸ್ತಿಯೇ ಆಯಿತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಬರೆದಿದ್ದೇನೆ:

"ಜುಲೈ ಸಂಬಳ 11 ದಿನ, ಅಕ್ಟೋಬರ್ ಸಂಬಳ 9 ದಿನ ತಡವಾಯಿತು. ಅಂಗಡಿಯವರಿಗೆ ಎಣ್ಣೆಯನ್ನು ಸಾಲಕ್ಕೆ ಕೊಟ್ಟ ನನ್ನ ತಪ್ಪು ಅದು. ಈಗ ಒಂದು ತಿಂಗಳ ಸಂಬಳ ಬೇರೆ ಖಾತೆಯಲ್ಲಿದೆ. ಮುಚ್ಚಳ ಸೋರಿ ಕೊರಿಯರ್‌ನಲ್ಲಿ 14 ಬಾಟಲಿ ಹಾಳಾದಾಗ ಮಂಜಣ್ಣ ಒಂದೊಂದು ಬಾಟಲಿಯನ್ನೂ ರಾತ್ರಿಯಿಡೀ ತಲೆಕೆಳಗಾಗಿ ಇಟ್ಟು ನೋಡಿದರು. ಆಮೇಲೆ ಒಂದೂ ಸೋರಿಲ್ಲ. ಅವತ್ತು ಬೈದ ಶಿರಾದ ಅಮ್ಮ ಈಗ ಪ್ರತಿ ತಿಂಗಳು ಐದು ಲೀಟರ್ ಕಡಲೆಕಾಯಿ ಎಣ್ಣೆ ತರಿಸುತ್ತಾರೆ. ಮಂಜಣ್ಣ, ಇದು ನಿಮ್ಮ ಗಿರಾಕಿ."

ಮೈಸೂರಿನಿಂದ: ಇದನ್ನು ಹೀಗೇ ಕಳಿಸಿ. ಮಂಜಣ್ಣನವರನ್ನು ಒಂದು ಮಾತು ಕೇಳಿಬಿಡಿ. ಕೆಲವರಿಗೆ ಎಲ್ಲರ ಮುಂದೆ ಹೆಸರು ಬರುವುದು ಮುಜುಗರ.

ಸ್ಟಾರ್ಟಪ್ ಬಿಟ್ಟವನು: ಎಂಟನೇ ತಿಂಗಳಿಗೆ ಸಂಬಳ ಸಿಗದೆ ಬಿಟ್ಟೆ. ವರ್ಷದ ಪತ್ರದಲ್ಲಿ ನನ್ನ ಹೆಸರೇ ಇರಲಿಲ್ಲ. ಮೊದಲ ಮೂವತ್ತು ಗಿರಾಕಿಗಳನ್ನು ತಂದವನು ನಾನು. ನಿಮ್ಮಲ್ಲಿ ಬಿಟ್ಟು ಹೋದವರಿದ್ದಾರಾ?

ಕೇಳಿದವರು: ಒಬ್ಬರಿದ್ದಾರೆ. ಜಗಳವಾಡಿ ಹೋದರು. ಮೊದಲ ಗಾಣ ಕೂರಿಸಿದ್ದು ಅವರೇ. ಬರೆಯಲೋ ಬೇಡವೋ, ಇನ್ನೂ ಗೊತ್ತಾಗುತ್ತಿಲ್ಲ.